ಮೊಬೈಲ್ ಆ್ಯಪ್ ಸಾಕೇ, ಕಂಪ್ಯೂಟರ್ ಬೇಕೇ? ಒಂದೇ ವಿಡಿಯೋದ ಎರಡು ಲೆಕ್ಕ

ಕಾಲೇಜಿನ ಕಾರ್ಯಕ್ರಮಕ್ಕೆ, ಪ್ರಾಜೆಕ್ಟ್‌ಗೆ, ಅಂತರ ಕಾಲೇಜು ಸ್ಪರ್ಧೆಗೆ ಈಗ ಚಾರ್ಟ್ ಜೊತೆಗೆ ವಿಡಿಯೋ ಕೂಡ ಕೇಳುತ್ತಾರೆ. ಆಗ ತರಗತಿಯಲ್ಲಿ ಏಳುವ ಮೊದಲ ಪ್ರಶ್ನೆ, "ಯಾವ ಆ್ಯಪ್ ಹಾಕಿಕೊಳ್ಳೋಣ?" ಎಂಬುದು. ಒಬ್ಬರು ಮೊಬೈಲ್ ಸಾಕು ಎನ್ನುತ್ತಾರೆ. ಇನ್ನೊಬ್ಬರು ಕಂಪ್ಯೂಟರ್ ಇಲ್ಲದೆ ಎಡಿಟಿಂಗ್ ಎಂದರೆ ಆಟ ಎನ್ನುತ್ತಾರೆ. ಇಬ್ಬರೂ ಕಾರಣ ಕೊಡುತ್ತಾರೆ, ಆದರೆ ಯಾರೂ ಲೆಕ್ಕ ಕೊಡುವುದಿಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದ್ದರಿಂದ ಒಂದೇ ವಿಡಿಯೋವನ್ನು ಎರಡು ಕಡೆಯೂ ಎಡಿಟ್ ಮಾಡಿ, ಪ್ರತಿ ಹಂತಕ್ಕೆ ಎಷ್ಟು ನಿಮಿಷ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಆ ಲೆಕ್ಕವೇ ಈ ಲೇಖನ.

ವಿಡಿಯೋದ ವಿಷಯ ನಮ್ಮ ಉದಯಗಿರಿಯಲ್ಲಿ ಬಹಳ ಮನೆಗಳಿಗೆ ಪರಿಚಿತವಾದದ್ದು: ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವ ಕೆಲಸ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿರುತ್ತದೆ. ಆದರೆ ಬಿದಿರು ಕಡ್ಡಿಗೆ ಹಿಟ್ಟು ಹಚ್ಚಿ ಮಣೆಯ ಮೇಲೆ ಹೊಸೆಯುವ ಕೈ ಯಾರದು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ನನ್ನ ಖಾಲಾ ಈ ಕೆಲಸ ಮಾಡುತ್ತಾರೆ. ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟ್‌ಗೆ ಅವರ ಒಂದು ದಿನದ ಕೆಲಸದ ಲೆಕ್ಕವನ್ನು ಅವರ ಬಾಯಿಂದಲೇ ಕೇಳಿಸಬೇಕು ಎಂಬುದು ನನ್ನ ಯೋಜನೆ. ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಮೂ ನಕ್ಕೋ, ಹಾತಾಂ ಬಸ್." ಮುಖ ಬೇಡ, ಕೈ ಸಾಕು.

ಈ ಷರತ್ತಿನಿಂದ ಎಡಿಟಿಂಗ್‌ಗೆ ಮೂರು ಅಗತ್ಯಗಳು ಹುಟ್ಟಿದವು. ಮುಖ ಕಾಣುವುದಿಲ್ಲವಾದ್ದರಿಂದ ಧ್ವನಿ ಸ್ಪಷ್ಟವಾಗಿರಬೇಕು. ಖಾಲಾ ಮಾತನಾಡುವುದು ನಮ್ಮ ಮನೆಯ ದಖ್ಖನಿ ಉರ್ದು, ಆದ್ದರಿಂದ ಕೆಳಗೆ ಕನ್ನಡದ ಸಾಲುಗಳು ಬರಬೇಕು. ಮತ್ತು ಅವರು ನೋಡಿ "ಇದು ಬೇಡ" ಎಂದರೆ ಆ ಭಾಗವನ್ನು ತೆಗೆಯಲು ಸಾಧ್ಯವಾಗಬೇಕು. ಯಾವ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆಗಿಂತ, ನನ್ನ ವಿಡಿಯೋಗೆ ಏನು ಬೇಕು ಎಂಬ ಪ್ರಶ್ನೆಯಿಂದ ಹೊರಟರೆ ಉತ್ತರ ಬೇಗ ಸಿಗುತ್ತದೆ.

ಉಚಿತ ಎಂದರೆ ಏನು ಉಚಿತ?

ಮೊಬೈಲ್‌ನಲ್ಲಿ ಸಿಗುವ ಉಚಿತ ಆ್ಯಪ್‌ಗಳಲ್ಲಿ ನಮ್ಮ ತರಗತಿಯಲ್ಲಿ ಹೆಚ್ಚು ಕಾಣುವುದು ಇನ್‌ಶಾಟ್, ಕೈನ್‌ಮಾಸ್ಟರ್, ವಿಎನ್ ಮತ್ತು ಯೂಟ್ಯೂಬ್ ಕ್ರಿಯೇಟ್. ಇನ್‌ಶಾಟ್ ಮತ್ತು ಕೈನ್‌ಮಾಸ್ಟರ್‌ಗಳ ಉಚಿತ ಬಳಕೆಯಲ್ಲಿ ಸಿದ್ಧವಾದ ವಿಡಿಯೋದ ಮೂಲೆಯಲ್ಲಿ ಅವರ ಹೆಸರಿನ ಗುರುತು ಬೀಳುತ್ತದೆ. ಇದಕ್ಕೆ ವಾಟರ್‌ಮಾರ್ಕ್ ಎನ್ನುತ್ತಾರೆ. ವಿಎನ್‌ನಲ್ಲಿ ನಾನು ಸಿದ್ಧಪಡಿಸಿದ ವಿಡಿಯೋದಲ್ಲಿ ವಾಟರ್‌ಮಾರ್ಕ್ ಬರಲಿಲ್ಲ. ಯೂಟ್ಯೂಬ್ ಕ್ರಿಯೇಟ್ 2023ರಲ್ಲಿ ಭಾರತವೂ ಸೇರಿ ಕೆಲವೇ ದೇಶಗಳಲ್ಲಿ ಮೊದಲು ಬಿಡುಗಡೆಯಾಯಿತು, ಅದರಲ್ಲಿಯೂ ವಾಟರ್‌ಮಾರ್ಕ್ ಇಲ್ಲ.

ಯೂಟ್ಯೂಬ್‌ನಲ್ಲಿ ಪಾಠ ಹುಡುಕಿದರೆ ಹೆಚ್ಚಿನವು ಕ್ಯಾಪ್‌ಕಟ್ ಬಗ್ಗೆ ಇರುತ್ತವೆ. ಅದು ಟಿಕ್‌ಟಾಕ್ ಕಂಪನಿಯದೇ ಆ್ಯಪ್. ಟಿಕ್‌ಟಾಕ್‌ಗೆ 2020ರ ಜೂನ್ 29ರಂದು ಭಾರತದಲ್ಲಿ ನಿಷೇಧ ಬಿತ್ತು, ಕ್ಯಾಪ್‌ಕಟ್ ಕೂಡ ನಮ್ಮ ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಆಗ ಕೆಲವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಫೈಲನ್ನು ನೇರವಾಗಿ ಹಾಕಿಕೊಳ್ಳುತ್ತಾರೆ. "ಪ್ರೋ ಆವೃತ್ತಿ, ಪೂರ್ತಿ ಉಚಿತ" ಎಂದು ಹೆಸರಿರುವ ಇಂಥ ಫೈಲ್‌ಗಳು ಯಾರೋ ಒಳಗೆ ಬದಲಾಯಿಸಿದ ಪ್ರತಿಗಳು. ಎಡಿಟಿಂಗ್ ಆ್ಯಪ್‌ಗೆ ನಾವು ಫೋಟೋ, ವಿಡಿಯೋ, ಮೈಕ್ ಎಲ್ಲದಕ್ಕೂ ಅನುಮತಿ ಕೊಡುತ್ತೇವೆ. ಆ ಫೋನಿನಲ್ಲಿಯೇ ಮನೆಯವರ ಫೋಟೋಗಳೂ ಇರುತ್ತವೆ, ಹಣ ಕಳುಹಿಸುವ ಆ್ಯಪ್ ಕೂಡ ಇರುತ್ತದೆ. ಆದ್ದರಿಂದ ಪ್ಲೇ ಸ್ಟೋರಿನ ಹೊರಗಿನ ಪ್ರತಿಯನ್ನು ನಾನು ಹೋಲಿಕೆಗೆ ತೆಗೆದುಕೊಳ್ಳಲಿಲ್ಲ.

ಕಂಪ್ಯೂಟರ್‌ನಲ್ಲಿ ಉಚಿತ ಎಂಬುದು ಬೇರೆ ರೀತಿಯದು. ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಇವು ಮುಕ್ತ ತಂತ್ರಾಂಶಗಳು. ಇವುಗಳಲ್ಲಿ ಪ್ರೋ ಆವೃತ್ತಿ ಎಂಬುದೇ ಇಲ್ಲ, ಜಾಹೀರಾತೂ ಇಲ್ಲ. ಡಾವಿಂಚಿ ರಿಸಾಲ್ವ್ ಎಂಬುದರ ಉಚಿತ ಆವೃತ್ತಿ ಬಹಳ ಶಕ್ತಿಶಾಲಿ, ಸಿನಿಮಾದವರೂ ಬಳಸುತ್ತಾರೆ. ಆದರೆ ಅದು 16 ಜಿಬಿ ರಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ನಮ್ಮ ಲ್ಯಾಬಿನ ಕಂಪ್ಯೂಟರ್‌ನಲ್ಲಿ ಇರುವುದು 8 ಜಿಬಿ. ಶಾಟ್‌ಕಟ್ ಎಚ್‌ಡಿ ವಿಡಿಯೋಗೆ ಕೇಳುವುದೂ ಅಷ್ಟೇ. ಅದಕ್ಕಿಂತ ಮುಖ್ಯವಾಗಿ ಶಾಟ್‌ಕಟ್‌ಗೆ ಒಂದು ಪೋರ್ಟಬಲ್ ಪ್ರತಿ ಇದೆ. ಜಿಪ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಬಿಚ್ಚಿಟ್ಟರೆ ಸಾಕು, ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇಡ. ಹೀಗಾಗಿ ಮೊಬೈಲ್ ಕಡೆಯಿಂದ ವಿಎನ್, ಕಂಪ್ಯೂಟರ್ ಕಡೆಯಿಂದ ಶಾಟ್‌ಕಟ್ ಎಂದು ಆರಿಸಿಕೊಂಡೆ.

ಕತ್ತರಿಸುವ ಕೆಲಸ

ನನ್ನ ಬಳಿ ಇದ್ದದ್ದು 14 ತುಣುಕುಗಳು, ಒಟ್ಟು 22 ನಿಮಿಷ. ಬೇಕಾದದ್ದು ಎರಡೂವರೆ ನಿಮಿಷ. ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ 1080p ಎಂಬ ಆಯ್ಕೆಯಲ್ಲಿ ತೆಗೆದ ವಿಡಿಯೋ ನಿಮಿಷಕ್ಕೆ ಸುಮಾರು 130 ಎಂಬಿ ಜಾಗ ತಿನ್ನುತ್ತದೆ. ಅಂದರೆ 22 ನಿಮಿಷಕ್ಕೆ ಸುಮಾರು 2.8 ಜಿಬಿ. ಮೊದಲು ಎಲ್ಲವನ್ನೂ ಒಮ್ಮೆ ನೋಡಿ, ಯಾವ ತುಣುಕಿನಲ್ಲಿ ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಬೇಕು ಎಂದು ಕಾಗದದ ಮೇಲೆ ಬರೆದುಕೊಂಡೆ. ಎರಡೂ ಕಡೆ ಅದೇ ಪಟ್ಟಿ ಬಳಸಿದ್ದರಿಂದ ಹೋಲಿಕೆ ನ್ಯಾಯವಾಗಿದೆ.

ಮೊಬೈಲ್‌ನಲ್ಲಿ ಕೆಲಸ ತಕ್ಷಣ ಶುರುವಾಯಿತು. ವಿಡಿಯೋಗಳು ಅಲ್ಲಿಯೇ ಇವೆ, ಆ್ಯಪ್ ತೆರೆದು ಆರಿಸಿದರೆ ಸಾಲಾಗಿ ಕೂರುತ್ತವೆ. ನಿಂತ ಜಾಗದಲ್ಲಿ ಕತ್ತರಿ ಗುರುತು ಒತ್ತಿ ಎರಡು ಭಾಗ ಮಾಡಿ, ಬೇಡದ ಭಾಗ ತೆಗೆದುಹಾಕುವುದು. 55 ನಿಮಿಷದಲ್ಲಿ ಕತ್ತರಿಸುವ ಕೆಲಸ ಮುಗಿಯಿತು. ತೊಂದರೆ ಕಂಡದ್ದು ಒಂದೇ ಕಡೆ. ಖಾಲಾ ಒಂದು ಮಾತು ಮುಗಿಸಿ ಇನ್ನೊಂದು ಮಾತು ಹಿಡಿಯುವ ನಡುವಿನ ಸಣ್ಣ ಉಸಿರಿನಲ್ಲಿ ಕತ್ತರಿಸಬೇಕಾದಾಗ ಬೆರಳು ದಪ್ಪ, ಪರದೆ ಚಿಕ್ಕದು. ಪಟ್ಟಿಯನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಹಿಂದೆ ಮುಂದೆ ಎಳೆದು ಸರಿ ಮಾಡಬೇಕಾಗುತ್ತದೆ.

ಕಂಪ್ಯೂಟರ್‌ನಲ್ಲಿ ಕತ್ತರಿಸುವ ಮೊದಲೇ ಕೆಲಸವಿದೆ. ಫೋನಿನಿಂದ ಫೈಲ್‌ಗಳನ್ನು ಯುಎಸ್‌ಬಿ ಕೇಬಲ್ ಮೂಲಕ ತರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೋ ಆಗಿ ಕಳುಹಿಸಿದರೆ ಅದು ಗಾತ್ರ ಇಳಿಸಲು ಚಿತ್ರವನ್ನು ಮಬ್ಬು ಮಾಡುತ್ತದೆ, ಆಮೇಲೆ ಯಾವ ಎಡಿಟರ್ ಕೂಡ ಅದನ್ನು ಹಿಂದಕ್ಕೆ ತರಲಾರದು. ಕೇಬಲ್ ಇಲ್ಲದಿದ್ದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಬೇಕು, ಆಗ ಮೂಲ ಫೈಲ್ ಹಾಗೆಯೇ ಹೋಗುತ್ತದೆ. ಕೇಬಲ್‌ನಲ್ಲಿ ನನಗೆ 15 ನಿಮಿಷ ಹಿಡಿಯಿತು.

ಮುಂದೆ ಎರಡು ತೊಡಕುಗಳು ಬಂದವು. ಮೊದಲನೆಯದು ವಿಡಿಯೋ ತಡೆತಡೆದು ಓಡುವುದು. ಹೊಸ ಫೋನುಗಳು ಜಾಗ ಉಳಿಸಲು ಬಹಳ ಒತ್ತಿ ಕಟ್ಟಿದ ರೂಪದಲ್ಲಿ ವಿಡಿಯೋ ಉಳಿಸುತ್ತವೆ, ಅದನ್ನು ಪ್ರತಿ ಕ್ಷಣ ಬಿಚ್ಚಿ ತೋರಿಸಲು ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಇದಕ್ಕೆ ಶಾಟ್‌ಕಟ್‌ನಲ್ಲಿ ಪರಿಹಾರವಿದೆ: `Settings > Proxy > Use Proxy`. ಇದನ್ನು ಆನ್ ಮಾಡಿದರೆ ಪ್ರತಿ ವಿಡಿಯೋಗೆ ಒಂದು ಚಿಕ್ಕ ಬದಲಿ ಪ್ರತಿ ಸಿದ್ಧವಾಗುತ್ತದೆ. ನಾವು ಕತ್ತರಿಸುವುದು ಆ ಚಿಕ್ಕ ಪ್ರತಿಯನ್ನು ನೋಡಿಕೊಂಡು, ಕೊನೆಗೆ ಹೊರಬರುವುದು ಮಾತ್ರ ಮೂಲ ವಿಡಿಯೋದ ಗುಣಮಟ್ಟದಲ್ಲಿಯೇ.

ಎರಡನೆಯ ತೊಡಕು ಮೊದಲ ನೋಟಕ್ಕೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಎಂದು ಹೇಳಿದರೂ ಬೆಳಕು ಕಡಿಮೆಯಾದಾಗ 24ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಖಾಲಾ ಮನೆಯ ಆ ಕೋಣೆಯಲ್ಲಿ ಒಂದೇ ಕಿಟಕಿ, ಆದ್ದರಿಂದ ಇದು ಆಗುವಂಥದ್ದೇ. ಕಂಪ್ಯೂಟರ್ ಎಡಿಟರ್‌ಗೆ ಈ ಏರಿಳಿತ ಇಷ್ಟವಿಲ್ಲ. ಇದನ್ನು ಗುರುತಿಸುವುದು ಹೀಗೆ: ಉದ್ದದ ತುಣುಕಿನ ಆರಂಭದಲ್ಲಿ ಕೈ ಮಣೆಗೆ ತಾಗುವುದೂ ಅದರ ಸದ್ದೂ ಒಟ್ಟಿಗೆ ಇರುತ್ತವೆ, ಕೊನೆಗೆ ಬರುವಾಗ ಸದ್ದು ಹಿಂದೆ ಬೀಳುತ್ತದೆ. ಇಂಥ ಫೈಲ್ ತೆರೆದಾಗ ಶಾಟ್‌ಕಟ್ ತಾನೇ ಎಚ್ಚರಿಸಿ, ಎಡಿಟಿಂಗ್‌ಗೆ ಒಗ್ಗುವ ರೂಪಕ್ಕೆ ಬದಲಾಯಿಸಲೇ ಎಂದು ಕೇಳುತ್ತದೆ. ಒಪ್ಪಿಕೊಳ್ಳುವುದೇ ಸರಿ. ಹೊಸ ಫೈಲ್ ದೊಡ್ಡದಾಗುತ್ತದೆ, ಆದರೆ ಸದ್ದು ಜಾರುವುದಿಲ್ಲ. ಈ ಎರಡೂ ಕೆಲಸಕ್ಕೆ ಒಟ್ಟು 35 ನಿಮಿಷ ಹೋಯಿತು. ಅಷ್ಟು ಹೊತ್ತು ಕಂಪ್ಯೂಟರ್ ತಾನೇ ದುಡಿಯುತ್ತದೆ, ನಾವು ಕುಳಿತಿರಬೇಕು ಅಷ್ಟೇ.

ಆಮೇಲೆ ಕತ್ತರಿಸುವುದು ಸಲೀಸು. ತುಣುಕನ್ನು ಆರಿಸಿ `A` ಒತ್ತಿದರೆ ಟೈಮ್‌ಲೈನ್‌ಗೆ ಸೇರುತ್ತದೆ. `S` ಒತ್ತಿದರೆ ಗೆರೆ ನಿಂತಲ್ಲಿ ಎರಡಾಗುತ್ತದೆ. `X` ಒತ್ತಿದರೆ ಆರಿಸಿದ ಭಾಗ ಹೋಗಿ, ಮುಂದಿನದು ಹಿಂದಕ್ಕೆ ಬಂದು ಅಂಟಿಕೊಳ್ಳುತ್ತದೆ. ಈ ಮೂರು ಕೀಲಿ ಗೊತ್ತಿದ್ದರೆ ಮೊದಲ ದಿನದ ಕೆಲಸ ನಡೆಯುತ್ತದೆ. ಎಲ್ಲಿ ಏನಿದೆ ಎಂದು ಹುಡುಕಿದ ಸಮಯವೂ ಸೇರಿ ನನಗೆ 75 ನಿಮಿಷ ಬೇಕಾಯಿತು.

ಧ್ವನಿ

ಖಾಲಾ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು, ಹೊರಗೆ ಆಟೋಗಳು. ಮೊಬೈಲ್ ಆ್ಯಪ್‌ನಲ್ಲಿ ಪ್ರತಿ ತುಣುಕಿಗೂ ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಒಂದು ಜಾರುಪಟ್ಟಿ ಇರುತ್ತದೆ. ಒಂದು ತುಣುಕಿನಲ್ಲಿ ಅವರು ಫೋನಿನ ಹತ್ತಿರ ಇದ್ದರು, ಇನ್ನೊಂದರಲ್ಲಿ ದೂರ. ಎರಡನ್ನೂ ಸಮ ಮಾಡಲು ಕಿವಿಯನ್ನೇ ನಂಬಬೇಕು. ಅದೂ ಫೋನಿನ ಚಿಕ್ಕ ಸ್ಪೀಕರ್‌ನಲ್ಲಿ ಕೇಳಿದರೆ ಫ್ಯಾನಿನ ಗುಂಯ್ ಎಂಬ ತಗ್ಗು ಸದ್ದು ಕೇಳಿಸುವುದೇ ಇಲ್ಲ. ಅದೇ ವಿಡಿಯೋವನ್ನು ಸೆಮಿನಾರ್ ಹಾಲಿನ ದೊಡ್ಡ ಸ್ಪೀಕರ್‌ಗೆ ಹಾಕಿದರೆ ಮೊದಲು ಕೇಳುವುದೇ ಫ್ಯಾನ್. ಆದ್ದರಿಂದ ಮೊಬೈಲ್‌ನಲ್ಲಿ ಎಡಿಟ್ ಮಾಡುವವರು ಧ್ವನಿಯ ಕೆಲಸವನ್ನು ಇಯರ್‌ಫೋನ್ ಹಾಕಿಕೊಂಡೇ ಮಾಡಬೇಕು. ಇದಕ್ಕೆ ನನಗೆ 20 ನಿಮಿಷವಾಯಿತು.

ಶಾಟ್‌ಕಟ್‌ನಲ್ಲಿ `Peak Meter` ಎಂಬ ಅಳತೆಪಟ್ಟಿ ಇದೆ. ಅದು ಧ್ವನಿಯನ್ನು ಡೆಸಿಬಲ್‌ನಲ್ಲಿ ತೋರಿಸುತ್ತದೆ. ಸೊನ್ನೆ ಎಂದರೆ ಮಿತಿ, ಅದನ್ನು ಮುಟ್ಟಿದರೆ ಮಾತು ಒಡೆದು ಕೇಳುತ್ತದೆ. ಮಾತಿನ ಎತ್ತರದ ಭಾಗಗಳು −12ರಿಂದ −6ರ ನಡುವೆ ಇದ್ದರೆ ಆರಾಮ. ಕಿವಿ ಬೇಗ ಅಭ್ಯಾಸ ಮಾಡಿಕೊಂಡು ಮೋಸ ಹೋಗುತ್ತದೆ, ಅಂಕಿ ಹೋಗುವುದಿಲ್ಲ. ಜೊತೆಗೆ `High Pass` ಎಂಬ ಫಿಲ್ಟರ್ ಹಾಕಿದರೆ ತಗ್ಗು ಸದ್ದು ಇಳಿಯುತ್ತದೆ, ಫ್ಯಾನಿನ ಗುಂಯ್ ಬಹಳ ಮಟ್ಟಿಗೆ ಕಡಿಮೆಯಾಯಿತು. ಆಟೋ ಹಾರ್ನ್ ಹೋಗಲಿಲ್ಲ. ಮಾತಿನ ಮೇಲೆಯೇ ಬಿದ್ದ ಹಾರ್ನ್ ಅನ್ನು ಈ ಎರಡು ಉಚಿತ ಸಾಧನಗಳಲ್ಲಿ ಯಾವುದರಲ್ಲೂ ನನಗೆ ತೆಗೆಯಲಾಗಲಿಲ್ಲ. ಅದಕ್ಕೆ ಪರಿಹಾರ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳುವುದೇ. ಇಲ್ಲಿ 15 ನಿಮಿಷ ಸಾಕಾಯಿತು.

ಕನ್ನಡದ ಸಾಲುಗಳು

ಖಾಲಾ ಮಾತಿಗೆ 30 ಸಾಲು ಕನ್ನಡ ಬೇಕಾಯಿತು. ಇಲ್ಲಿ ಎರಡು ವಿಷಯ ನೋಡಬೇಕು: ಅಕ್ಷರ ಸರಿಯಾಗಿ ಕೂರುತ್ತದೆಯೇ, ಮತ್ತು ಸಾಲು ಸರಿಯಾದ ಸೆಕೆಂಡಿಗೆ ಬರುತ್ತದೆಯೇ.

ಅಕ್ಷರದ ಪರೀಕ್ಷೆಗೆ ನಮ್ಮ ವಿಭಾಗದ ಒಂದು ಪದವೇ ಸಾಕು: ಲೆಕ್ಕಶಾಸ್ತ್ರ. ಇದರಲ್ಲಿ ಒತ್ತಕ್ಷರವೂ ಇದೆ, ಎರಡು ಒತ್ತು ಒಟ್ಟಿಗೆ ಬರುವ ಸ್ತ್ರ ಕೂಡ ಇದೆ. ಅರ್ಕಾವತ್ತಿಗಾಗಿ "ಅರ್ಥ" ಎಂಬ ಪದವನ್ನೂ ಸೇರಿಸಿ. ಆ್ಯಪ್‌ನ ಅಲಂಕಾರದ ಫಾಂಟ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ಗೆ ಮಾಡಿದವು. ಕನ್ನಡ ಹಾಕಿದರೆ ಒತ್ತು ಕೆಳಗೆ ಬರುವ ಬದಲು ಪಕ್ಕದಲ್ಲಿ ಬಿಡಿಯಾಗಿ ನಿಲ್ಲಬಹುದು, ಇಲ್ಲವೇ ಖಾಲಿ ಚೌಕಗಳು ಕಾಣಬಹುದು. ಆಗ ಆ್ಯಪ್‌ನ ಮೂಲ ಫಾಂಟ್‌ಗೆ ಮರಳಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಜೊತೆಗೇ ಬರುವ Nirmala UI ಅಥವಾ ಉಚಿತವಾಗಿ ಸಿಗುವ Noto Sans Kannada ಬಳಸಬಹುದು.

ಲ್ಯಾಬಿನಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ನುಡಿ ತಂತ್ರಾಂಶದಲ್ಲಿ ಹಳೆಯ ಆಸ್ಕಿ ವಿಧಾನದಲ್ಲಿ ಟೈಪ್ ಮಾಡಿದ ಕನ್ನಡವನ್ನು ಎಡಿಟರ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಕಾರಣ, ಆ ವಿಧಾನದಲ್ಲಿ ಕನ್ನಡ ಕಾಣುವುದು ನುಡಿ ಫಾಂಟಿನಿಂದ ಮಾತ್ರ, ಒಳಗೆ ಇರುವುದು ಬೇರೆ ಸಂಕೇತ. ಯೂನಿಕೋಡ್ ಆರಿಸಿ ಟೈಪ್ ಮಾಡಿದರೆ ಈ ಸಮಸ್ಯೆ ಇಲ್ಲ. ಮೊಬೈಲ್ ಕೀಲಿಮಣೆಯಲ್ಲಿ ನಾವು ಬರೆಯುವ ಕನ್ನಡ ಯೂನಿಕೋಡೇ. ನನಗೆ ಮೊಬೈಲ್‌ನಲ್ಲಿಯೇ ಕನ್ನಡ ಬೇಗ ಬರುತ್ತದೆ, ಆದ್ದರಿಂದ 30 ಸಾಲುಗಳನ್ನೂ ಅಲ್ಲಿ ಬರೆದು ಇಮೇಲ್‌ನಲ್ಲಿ ನನಗೇ ಕಳುಹಿಸಿಕೊಂಡೆ. ಎರಡೂ ಕಡೆ ಅವನ್ನೇ ಅಂಟಿಸಿದೆ.

ಮೊಬೈಲ್‌ನಲ್ಲಿ ಪ್ರತಿ ಸಾಲಿಗೂ ಒಂದು ಪಠ್ಯ ಪೆಟ್ಟಿಗೆ ಸೇರಿಸಿ, ಅಂಟಿಸಿ, ಗಾತ್ರ ನೋಡಿ, ಎರಡು ತುದಿ ಎಳೆದು ಮಾತಿನ ಆರಂಭ ಮತ್ತು ಕೊನೆಗೆ ಹೊಂದಿಸಬೇಕು. ಒಂದು ಸಾಲಿಗೆ ಎರಡೂವರೆ ನಿಮಿಷದಂತೆ 75 ನಿಮಿಷವಾಯಿತು.

ಕಂಪ್ಯೂಟರ್‌ನಲ್ಲಿ ದಾರಿ ಬೇರೆ. ಅಲ್ಲಿ ಸಾಲುಗಳನ್ನು ವಿಡಿಯೋದಿಂದ ಪ್ರತ್ಯೇಕವಾದ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಇಡಬಹುದು. ಅದಕ್ಕೆ ಎಸ್‌ಆರ್‌ಟಿ ಫೈಲ್ ಎನ್ನುತ್ತಾರೆ. ಅದರ ರೂಪ ಇಷ್ಟೇ:

```
7
00:00:31,000 --> 00:00:34,500
ಕಡ್ಡಿ ಎಣಿಸಿ ಕೊಡುತ್ತಾರೆ,
ಎಣಿಸಿ ತೆಗೆದುಕೊಳ್ಳುತ್ತಾರೆ.
```

ಮೊದಲು ಸಾಲಿನ ಕ್ರಮಸಂಖ್ಯೆ, ಆಮೇಲೆ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ, ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಇದನ್ನು ನೋಟ್‌ಪ್ಯಾಡ್‌ನಲ್ಲಿಯೂ ಬರೆಯಬಹುದು, ಆದರೆ ಯುಟಿಎಫ್-8 ಎಂದು ಉಳಿಸಬೇಕು. ನಾನು ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಬಳಸಿದೆ. ಅದರಲ್ಲಿ ವಿಡಿಯೋ ಓಡಿಸಿಕೊಂಡು ಸಾಲಿನ ಆರಂಭ ಮತ್ತು ಕೊನೆಯನ್ನು ಗುರುತಿಸುತ್ತಾ ಹೋಗಬಹುದು. ಸಾಲಿಗೆ ಒಂದು ನಿಮಿಷದಂತೆ 30 ನಿಮಿಷ. ಶಾಟ್‌ಕಟ್‌ನ ಹೊಸ ಆವೃತ್ತಿಗಳಲ್ಲಿ ಇರುವ `Subtitles` ಫಲಕದಲ್ಲಿ ಈ ಫೈಲ್ ಸೇರಿಸಿ, `Subtitle Burn In` ಫಿಲ್ಟರ್ ಹಾಕಿದರೆ ಸಾಲುಗಳು ಚಿತ್ರದ ಮೇಲೆ ಅಚ್ಚಾಗುತ್ತವೆ. ಎಲ್ಲ ಸಾಲುಗಳ ಗಾತ್ರ ಮತ್ತು ಬಣ್ಣವನ್ನು ಒಂದೇ ಕಡೆ ಬದಲಾಯಿಸಬಹುದು.

ಎರಡು ಕಡೆಗೂ ಅನ್ವಯಿಸುವ ಮಾತೊಂದಿದೆ. ಓದುವವರಿಗೆ ಸಮಯ ಬೇಕು. ಎಷ್ಟೇ ಚಿಕ್ಕ ಸಾಲಾದರೂ ಎರಡು ಸೆಕೆಂಡಾದರೂ ನಿಲ್ಲಲಿ, ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ. ಖಾಲಾ ಹೇಳಿದ ಪ್ರತಿ ಪದವನ್ನೂ ಬರೆದರೆ ಕೈಯನ್ನು ನೋಡಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ.

ಖಾಲಾ ನೋಡಿದ ಮೇಲೆ

ಮೊದಲ ಪ್ರತಿಯನ್ನು ಖಾಲಾಗೆ ತೋರಿಸಿದಾಗ ಅವರು ಪೂರ್ತಿ ನೋಡಿದರು. ನಂತರ, ಕೆಲಸ ಕೊಡುವವರ ಬಗ್ಗೆ ತಾವು ಹೇಳಿದ ಒಂದು ಮಾತು ಬೇಡ ಎಂದರು. ಅದು 6 ಸೆಕೆಂಡಿನ ಮಾತು. ಅದನ್ನು ಕೇಳಿದವರು ಯಾರೆಂದು ಊಹಿಸಬಹುದು, ನಾಳೆ ಕಡ್ಡಿ ಬರುವುದು ನಿಲ್ಲಬಹುದು. ಅವರ ಕೆಲಸ ಹೋಗುವುದಕ್ಕಿಂತ ನನ್ನ ಪ್ರಾಜೆಕ್ಟ್‌ನ 6 ಸೆಕೆಂಡು ಹೋಗುವುದು ಮೇಲು. ಇದಾದ ನಾಲ್ಕು ದಿನದ ಮೇಲೆ ಇನ್ನೊಂದು ಬದಲಾವಣೆ: ಒಂದು ತುಣುಕಿನಲ್ಲಿ ಹಿಂದಿನ ಗೋಡೆಯ ಕನ್ನಡಿಯಲ್ಲಿ ಪಕ್ಕದ ಮನೆಯವರು ಕಾಣುತ್ತಾರೆ ಎಂದು ಅಮ್ಮಿ ಗುರುತಿಸಿದರು.

ಎರಡು ಸಾಧನಗಳ ನಿಜವಾದ ವ್ಯತ್ಯಾಸ ಇಲ್ಲಿ ಕಂಡಿತು. ಮೊಬೈಲ್‌ನಲ್ಲಿ ನಡುವಿನ 6 ಸೆಕೆಂಡು ತೆಗೆದ ಮೇಲೆ ಮುಂದಿನ ಸಾಲುಗಳು ಮಾತಿಗೆ ಸರಿಯಾಗಿ ಕೂತಿವೆಯೇ ಎಂದು ಒಂದೊಂದನ್ನೂ ನೋಡಿ, ಜಾರಿದ್ದನ್ನು ಎಳೆದು ಕೂರಿಸಬೇಕಾಯಿತು. ಹೊಸ ಪ್ರತಿ ಹೊರತೆಗೆಯುವುದೂ ಸೇರಿ ಒಂದು ಬದಲಾವಣೆಗೆ 40 ನಿಮಿಷ. ಕಂಪ್ಯೂಟರ್‌ನಲ್ಲಿ `Ripple All Tracks` ಆನ್ ಇಟ್ಟುಕೊಂಡು 6 ಸೆಕೆಂಡು ತೆಗೆದೆ, ಮೇಲಿನ ಪದರದಲ್ಲಿದ್ದ ಕೈಗಳ ದೃಶ್ಯಗಳೂ ಒಟ್ಟಿಗೆ ಹಿಂದೆ ಸರಿದವು. ಸಬ್‌ಟೈಟಲ್ ಎಡಿಟ್‌ನಲ್ಲಿ ಆ ಮಾತಿನ ಸಾಲನ್ನು ಅಳಿಸಿ, ಅಲ್ಲಿಂದ ಮುಂದಿನ ಎಲ್ಲ ಸಾಲುಗಳನ್ನೂ ಒಂದೇ ಸಲ 6 ಸೆಕೆಂಡು ಮುಂಚೆಗೆ ತಂದೆ. ಹಳೆಯ ಫೈಲ್ ತೆಗೆದು ಹೊಸದು ಸೇರಿಸಿದರೆ ಮುಗಿಯಿತು. ಹೊರತೆಗೆಯುವುದೂ ಸೇರಿ 25 ನಿಮಿಷ.

ಕೆಲಸ ಉಳಿಯುವ ಜಾಗವೂ ಬೇರೆ. ಮೊಬೈಲ್‌ನಲ್ಲಿ ಅರ್ಧ ಮುಗಿದ ಕೆಲಸ ಡ್ರಾಫ್ಟ್ ಎಂಬ ಹೆಸರಿನಲ್ಲಿ ಆ್ಯಪ್‌ನ ಒಳಗೆ ಇರುತ್ತದೆ. ಆ್ಯಪ್ ತೆಗೆದುಹಾಕಿದರೆ, ಅದರ ಡೇಟಾ ಅಳಿಸಿದರೆ ಡ್ರಾಫ್ಟ್ ಕೂಡ ಹೋಗುತ್ತದೆ. ಜಾಗ ಸಾಲದೆ ಗ್ಯಾಲರಿಯಿಂದ ಮೂಲ ವಿಡಿಯೋ ಅಳಿಸಿದರೆ ಡ್ರಾಫ್ಟ್ ತೆರೆದರೂ ಪ್ರಯೋಜನವಿಲ್ಲದಂತಾಗಬಹುದು. ಮನೆಯಲ್ಲಿ ಒಂದೇ ಫೋನನ್ನು ಮೂವರು ಬಳಸುವಾಗ ಇದು ಸಣ್ಣ ವಿಷಯವಲ್ಲ. ಶಾಟ್‌ಕಟ್‌ನಲ್ಲಿ ಕೆಲಸ `.mlt` ಎಂಬ ಕೊನೆಯುಳ್ಳ ಒಂದು ಪುಟ್ಟ ಫೈಲಾಗಿ ಉಳಿಯುತ್ತದೆ. ಆದರೆ ಅದರೊಳಗೆ ವಿಡಿಯೋ ಇಲ್ಲ, ಯಾವ ವಿಡಿಯೋ ಎಲ್ಲಿದೆ, ಎಲ್ಲಿ ಕತ್ತರಿಸಬೇಕು ಎಂಬ ಸೂಚನೆ ಮಾತ್ರ ಇದೆ. ಆದ್ದರಿಂದ ಶುರು ಮಾಡುವ ಮೊದಲೇ ಒಂದು ಫೋಲ್ಡರ್ ಮಾಡಿ, ವಿಡಿಯೋ, ಧ್ವನಿ, ಎಸ್‌ಆರ್‌ಟಿ, `.mlt` ಎಲ್ಲವನ್ನೂ ಅದರಲ್ಲಿಯೇ ಇಡಬೇಕು. ಪೆನ್‌ಡ್ರೈವ್‌ಗೆ ನಕಲು ಮಾಡುವಾಗ ಪೂರ್ತಿ ಫೋಲ್ಡರನ್ನೇ ನಕಲು ಮಾಡಬೇಕು.

ಲೆಕ್ಕದ ಪುಟ

ಈಗ ಒಟ್ಟು ಕೂಡಿಸೋಣ. ಮೊಬೈಲ್‌ನಲ್ಲಿ ಕತ್ತರಿಸಲು 55, ಧ್ವನಿಗೆ 20, ಹೊರತೆಗೆಯಲು 5, ಒಟ್ಟು 80 ನಿಮಿಷ. ಸಾಲುಗಳಿಗೆ 75 ಸೇರಿದರೆ 155. ಕಂಪ್ಯೂಟರ್‌ನಲ್ಲಿ ಫೈಲ್ ತರಲು 15, ಬದಲಿ ಪ್ರತಿಗಳಿಗೆ 35, ಕತ್ತರಿಸಲು 75, ಧ್ವನಿಗೆ 15, ಹೊರತೆಗೆಯಲು 15, ಒಟ್ಟು 155 ನಿಮಿಷ. ಸಾಲುಗಳಿಗೆ 30 ಸೇರಿದರೆ 185. ಮೊದಲ ಪ್ರತಿಯ ಮಟ್ಟಿಗೆ ಮೊಬೈಲ್ ಅರ್ಧ ಗಂಟೆ ಮುಂದಿದೆ.

ನಮ್ಮ ಪಠ್ಯದ ಮಾತಿನಲ್ಲಿ ಹೇಳುವುದಾದರೆ ಕಂಪ್ಯೂಟರ್‌ನ ಸ್ಥಿರ ವೆಚ್ಚ ಹೆಚ್ಚು, ಬದಲಾಗುವ ವೆಚ್ಚ ಕಡಿಮೆ. ಮೊಬೈಲ್‌ನದು ಇದರ ತಿರುವು. ಬದಲಾವಣೆಗೆ ಮೊಬೈಲ್‌ನಲ್ಲಿ 40 ನಿಮಿಷ, ಕಂಪ್ಯೂಟರ್‌ನಲ್ಲಿ 25. ಎರಡು ಬದಲಾವಣೆಯ ನಂತರ ಮೊಬೈಲ್ 155ಕ್ಕೆ 80 ಸೇರಿ 235, ಕಂಪ್ಯೂಟರ್ 185ಕ್ಕೆ 50 ಸೇರಿ 235. ಅಂದರೆ ನನ್ನ ವಿಡಿಯೋದಲ್ಲಿ ಎರಡನೆಯ ಬದಲಾವಣೆಯೇ ಬ್ರೇಕ್ ಈವನ್ ಬಿಂದು. ಮೂರನೆಯದು ಬಂದಿದ್ದರೆ ಕಂಪ್ಯೂಟರ್ ಮುಂದೆ ಹೋಗುತ್ತಿತ್ತು. ಬದಲಾವಣೆ ಒಂದೂ ಇಲ್ಲದಿದ್ದರೆ ಈ ಬಿಂದು ಸಾಲುಗಳ ಸಂಖ್ಯೆಯಲ್ಲಿ ಸಿಗುತ್ತದೆ. ಸಾಲುಗಳನ್ನು ಬಿಟ್ಟರೆ ವ್ಯತ್ಯಾಸ 75 ನಿಮಿಷ, ಪ್ರತಿ ಸಾಲಿಗೆ ಉಳಿಯುವುದು ಒಂದೂವರೆ ನಿಮಿಷ, ಆದ್ದರಿಂದ 50 ಸಾಲು.

ಈ ಅಂಕಿಗಳು ನನ್ನ ಫೋನು, ನಮ್ಮ ಲ್ಯಾಬು, ನನ್ನ ಕೈಗೆ ಸೇರಿದವು. ನಿಮ್ಮದು ಬೇರೆ ಬರಬಹುದು, ಆದರೆ ಲೆಕ್ಕ ಹಾಕುವ ದಾರಿ ಇದೇ. ಒಂದು ನಿಮಿಷದ ಸ್ವಾಗತ ವಿಡಿಯೋ, ಕ್ರೀಡಾಕೂಟದ ತುಣುಕುಗಳು, ಅಂದೇ ಸಂಜೆ ಬೇಕಾದ ವರದಿ, ಇವೆಲ್ಲಕ್ಕೆ ಫೋನ್ ಸಾಕು. ವಾಟರ್‌ಮಾರ್ಕ್ ಇಲ್ಲದ ಒಂದು ಆ್ಯಪ್ ಆರಿಸಿ, ಇಯರ್‌ಫೋನ್ ಹಾಕಿ ಕೂತುಕೊಳ್ಳಿ. ಯಾರದ್ದಾದರೂ ಮಾತಿನ ಮೇಲೆ ವಿಡಿಯೋ ನಿಂತಿದ್ದರೆ, ಕೆಳಗೆ ಇನ್ನೊಂದು ಭಾಷೆಯ ಸಾಲು ಬೇಕಿದ್ದರೆ, ಹಾಗೂ ಮಾತನಾಡಿದವರು ನೋಡಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗಬೇಕಿದ್ದರೆ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ಕೇಳಿಕೊಳ್ಳಿ.

ಇಬ್ಬರು ಮೂವರು ಸೇರಿ ಪ್ರಾಜೆಕ್ಟ್ ಮಾಡುವವರು ಎರಡನ್ನೂ ಹಂಚಿಕೊಳ್ಳಬಹುದು. ಒಬ್ಬರು ಫೋನಿನಲ್ಲಿ ಒಂದು ಕಚ್ಚಾ ಪ್ರತಿ ಕತ್ತರಿಸಿ, ಮಾತನಾಡಿದವರಿಗೆ ತೋರಿಸಿ, ಬೇಡವಾದದ್ದನ್ನು ಮೊದಲೇ ಗುರುತಿಸಿಕೊಳ್ಳಲಿ. ಇನ್ನೊಬ್ಬರು ಅಷ್ಟರಲ್ಲಿ ಮೊಬೈಲ್‌ನಲ್ಲಿ ಕನ್ನಡದ ಸಾಲು ಬರೆಯಲಿ. ಒಪ್ಪಿದ ಮೇಲೆ ಮೂಲ ಫೈಲ್‌ಗಳನ್ನು ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ತಂದು ಅಂತಿಮ ಪ್ರತಿ ಮಾಡಿದರೆ ಬದಲಾವಣೆಯ 25 ನಿಮಿಷವೂ ಉಳಿಯುತ್ತದೆ. ಶಾಟ್‌ಕಟ್‌ನ ಜಿಪ್ ಫೈಲ್ ಮತ್ತು ಸಬ್‌ಟೈಟಲ್ ಎಡಿಟ್‌ನ ಪೋರ್ಟಬಲ್ ಪ್ರತಿ ಎರಡೂ ನನ್ನ ಪೆನ್‌ಡ್ರೈವ್‌ನಲ್ಲಿವೆ. ಬೇಕಾದವರು ಊಟದ ಬಿಡುವಿನಲ್ಲಿ ಲ್ಯಾಬಿನ ಹತ್ತಿರ ಬಂದು ನಕಲು ಮಾಡಿಕೊಳ್ಳಬಹುದು.